ಬಟಾಣಿ ಲೆಕ್ಕ: ತಾಜಾ, ಫ್ರೋಜನ್, ಡಬ್ಬಿ

"ಫ್ರೋಜನ್ ತರಕಾರಿಯಲ್ಲಿ ಸತ್ವ ಇರಲ್ಲ, ಡಬ್ಬಿಯದನ್ನಂತೂ ಮುಟ್ಟಲೇಬೇಡಿ, ತಿಂದರೆ ತಾಜಾ ತಿನ್ನಿ" ಅನ್ನುವ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಒಂದು ಎಡವಟ್ಟು ಇದ್ದೇ ಇರುತ್ತದೆ. ಹೋಲಿಕೆಗೆ ತೆಗೆದುಕೊಳ್ಳುವುದು ಹಸಿ ತರಕಾರಿಯ ಅಂಕಿ, ತಿನ್ನುವುದು ಬೇಯಿಸಿದ ತರಕಾರಿ. ಹಸಿರು ಬಟಾಣಿ ಒಂದನ್ನೇ ಹಿಡಿದು ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಅದು ಮೂರೂ ರೂಪದಲ್ಲಿ ಸಿಗುತ್ತದೆ.

ಅಳೆಯಲು ವಿಟಮಿನ್ ಸಿ ಸಾಕು. ಬಿಸಿ, ಗಾಳಿ, ನೀರು ಮೂರಕ್ಕೂ ಬೇಗ ಸೋಲುವುದು ಅದು. ಅದು ಉಳಿದಿದ್ದರೆ ಉಳಿದವೂ ಬಹುಪಾಲು ಉಳಿದಿವೆ ಅಂದುಕೊಳ್ಳಬಹುದು. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಬಟಾಣಿ ಕಾಳಿನಲ್ಲಿ ಸುಮಾರು 40 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಪೊಟ್ಟಣ ಒಡೆದ ಫ್ರೋಜನ್ ಬಟಾಣಿಯಲ್ಲಿ 18. ಇಲ್ಲಿಗೇ ನಿಲ್ಲಿಸಿದರೆ ತಾಜಾ ಎರಡು ಪಟ್ಟು ಮುಂದೆ. ಆದರೆ ಇವನ್ನೇ ನೀರಿನಲ್ಲಿ ಬೇಯಿಸಿ ಬಸಿದ ಮೇಲೆ ತಾಜಾದಲ್ಲಿ ಉಳಿಯುವುದು ಸುಮಾರು 14, ಫ್ರೋಜನ್‌ನಲ್ಲಿ 10. ದ್ರವ ಬಸಿದ ಡಬ್ಬಿ ಬಟಾಣಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಸಿಯಾಗಿದ್ದಾಗ ಇದ್ದ 22 ಮಿಲಿಗ್ರಾಂ ಅಂತರ ತಟ್ಟೆಗೆ ಬರುವಷ್ಟರಲ್ಲಿ 4ಕ್ಕೆ ಇಳಿದಿರುತ್ತದೆ.

ಕಾರಣ ಸರಳ. ಫ್ರೋಜನ್ ಬಟಾಣಿಯನ್ನು ಹೆಪ್ಪುಗಟ್ಟಿಸುವ ಮುಂಚೆ ಒಂದೆರಡು ನಿಮಿಷ ಕುದಿನೀರು ಅಥವಾ ಹಬೆಯಲ್ಲಿ ಹಾಯಿಸಿ ತಕ್ಷಣ ತಣಿಸುತ್ತಾರೆ. ಇದಕ್ಕೆ ಬ್ಲಾಂಚಿಂಗ್ ಅನ್ನುತ್ತಾರೆ. ಕಾಳಿನೊಳಗಿನ ಕಿಣ್ವಗಳನ್ನು ಕೊಲ್ಲುವುದಕ್ಕಾಗಿ ಇದು ಬೇಕೇ ಬೇಕು. ಇಲ್ಲದಿದ್ದರೆ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಕಿಣ್ವಗಳು ನಿಧಾನವಾಗಿ ಕೆಲಸ ಮಾಡಿ ಬಟಾಣಿಗೆ ಒಣಹುಲ್ಲಿನ ವಾಸನೆ ತರಿಸುತ್ತವೆ. ಈ ಹಂತದಲ್ಲಿ ನೀರಲ್ಲಿ ಕರಗುವ ವಿಟಮಿನ್ ಒಂದಿಷ್ಟು ಹೋಗುತ್ತದೆ. ಅಂದರೆ ಫ್ರೋಜನ್ ಬಟಾಣಿ ನಷ್ಟದ ಒಂದು ಕಂತನ್ನು ಕಾರ್ಖಾನೆಯಲ್ಲೇ ಕಟ್ಟಿ ಬಂದಿರುತ್ತದೆ, ತಾಜಾ ಬಟಾಣಿ ಪೂರ್ತಿಯಾಗಿ ನಿಮ್ಮ ಪಾತ್ರೆಯಲ್ಲಿ ಕಟ್ಟುತ್ತದೆ. ಡಬ್ಬಿಯದನ್ನು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒತ್ತಡದಲ್ಲಿ ಬೇಯಿಸುತ್ತಾರೆ. ಬಾಟ್ಯುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಕಗಳು ಸಾಯಲು ಅಷ್ಟು ಬಿಸಿ ಬೇಕು. ಅದೇ ಬಿಸಿಗೆ ಹಸಿರು ಬಣ್ಣವೂ ಕೆಟ್ಟು ಕಂದುಹಸಿರಾಗುತ್ತದೆ. ಆ ಬಣ್ಣ ನೋಡಿ ಹಳತು ಅಂದುಕೊಳ್ಳಬೇಕಾಗಿಲ್ಲ.

ಈಗ ದುಡ್ಡಿನ ವಿಚಾರ. ಹೆಚ್ಚಿನವರು ಇಲ್ಲೇ ಮೋಸ ಹೋಗುವುದು. ಒಂದು ಕಿಲೋ ಬಟಾಣಿಕಾಯಿ ಸುಲಿದರೆ ಸಿಗುವ ಕಾಳು ಸುಮಾರು 380 ಗ್ರಾಂ, ಉಳಿದದ್ದು ಸಿಪ್ಪೆ. ಹಾಗಾಗಿ ಕಾಯಿಯ ಬೆಲೆಯನ್ನು 2.6ರಿಂದ ಗುಣಿಸಿದರೆ ಮಾತ್ರ ಕಾಳಿನ ಬೆಲೆ ಬರುತ್ತದೆ. ಡಬ್ಬಿಗೂ ಹೀಗೆಯೇ ಒಂದು ಗುಣಾಕಾರ ಇದೆ. 400 ಗ್ರಾಂ ಡಬ್ಬಿಯಲ್ಲಿ ದ್ರವ ಬಸಿದ ಮೇಲೆ ಉಳಿಯುವುದು ಸಾಮಾನ್ಯವಾಗಿ 240 ಗ್ರಾಂನಷ್ಟು. ಚೀಟಿಯಲ್ಲಿ ಬಸಿದ ತೂಕ ಬೇರೆಯಾಗಿ ಬರೆದಿದ್ದರೆ ಅದನ್ನೇ ನೋಡಿ. ಫ್ರೋಜನ್ ಪೊಟ್ಟಣದಲ್ಲಿ ಮಾತ್ರ ಬರೆದಷ್ಟೂ ಕಾಳೇ.

ಲೆಕ್ಕಕ್ಕಷ್ಟೇ ಅಂತ ಅಂಕಿ ಇಟ್ಟುಕೊಳ್ಳಿ, ನಾಣ್ಯ ಯಾವುದಾದರೂ ಸರಿ. ಕಾಯಿ ಕಿಲೋಗೆ 100, ಫ್ರೋಜನ್ ಕಿಲೋಗೆ 200, ಡಬ್ಬಿ ಒಂದಕ್ಕೆ 60. ಅಂಗಡಿಯಲ್ಲಿ ನಿಂತವರಿಗೆ ಫ್ರೋಜನ್ ಎರಡು ಪಟ್ಟು ದುಬಾರಿ ಅನ್ನಿಸುತ್ತದೆ. ತಿನ್ನುವ ಕಾಳಿನ ಲೆಕ್ಕಕ್ಕೆ ಇಳಿದರೆ ತಾಜಾ ಕಿಲೋಗೆ 263, ಡಬ್ಬಿಯದು 250, ಫ್ರೋಜನ್ 200. ಬೇಯಿಸಿದ ಮೇಲೆ ಉಳಿಯುವ ವಿಟಮಿನ್ ಸಿ ಇದಕ್ಕೆ ಸೇರಿಸಿ ನೋಡಿ: 100 ಖರ್ಚು ಮಾಡಿದರೆ ತಾಜಾದಿಂದ ಸುಮಾರು 53 ಮಿಲಿಗ್ರಾಂ, ಫ್ರೋಜನ್‌ನಿಂದ 50, ಡಬ್ಬಿಯಿಂದ 40. ತಂದ ಕಾಯಲ್ಲಿ ಐದನೇ ಒಂದು ಭಾಗ ಹುಳುಕೆಂದೋ ಬಾಡಿತೆಂದೋ ಎಸೆದರೆ ತಾಜಾದ ಬೆಲೆ ಕಿಲೋಗೆ 330ರ ಹತ್ತಿರ ಹೋಗಿ, ಆ 53 ಇಳಿದು 43ರ ಸುತ್ತ ನಿಲ್ಲುತ್ತದೆ. ನಿಮ್ಮಲ್ಲಿನ ಬೆಲೆ ಹಾಕಿಕೊಂಡು ನೋಡಿ. ಫ್ರೋಜನ್ ಕಿಲೋದ ಬೆಲೆ ಕಾಯಿ ಕಿಲೋದ ಬೆಲೆಯ 2.6 ಪಟ್ಟು ದಾಟುವ ತನಕ ಫ್ರೋಜನ್ನೇ ಅಗ್ಗ. ಸುಗ್ಗಿಯಲ್ಲಿ ಕಾಯಿ ಅಗ್ಗವಾದಾಗ ತಾಜಾ ಸಲೀಸಾಗಿ ಗೆಲ್ಲುತ್ತದೆ, ಅದರಲ್ಲಿ ಅನುಮಾನ ಇಲ್ಲ. (ಸುಲಿಯುವವರ ಸಮಯಕ್ಕೆ ಬೆಲೆ ಕಟ್ಟಿಲ್ಲ. ಕಟ್ಟಿದರೆ ಬೇರೆ ಜಗಳ ಶುರುವಾಗುತ್ತದೆ.)

ಇದೇ ತೀರ್ಮಾನವನ್ನು ಎಲ್ಲ ತರಕಾರಿಗೂ ಹೊರಿಸಬೇಡಿ. ಬಟಾಣಿ ಸಿಪ್ಪೆಯೊಳಗೆ ಭದ್ರವಾಗಿರುತ್ತದೆ. ಫ್ರಿಜ್ಜಿನ 4 ಡಿಗ್ರಿಯಲ್ಲಿ ವಾರ ಇಟ್ಟರೂ ವಿಟಮಿನ್ ಸಿ ಕಳೆದುಕೊಳ್ಳುವುದು ಸುಮಾರು ಶೇ. 15. ಅದೇ ಫ್ರಿಜ್ಜಿನಲ್ಲಿ ಅದೇ ಒಂದು ವಾರಕ್ಕೆ ಹುರುಳಿಕಾಯಿ ಮುಕ್ಕಾಲು ಪಾಲಿನಷ್ಟು ಕಳೆದುಕೊಳ್ಳುತ್ತದೆ. ಪಾಲಕ್ ಸೊಪ್ಪಿನ ಗತಿಯೂ ಹಾಗೆಯೇ. ಅಗಲವಾದ ತೆಳು ಎಲೆಗೆ ಗಾಳಿ ತಾಗುವ ಮೈ ಜಾಸ್ತಿ. ವಾರದ ಸಂತೆ ಮಾಡುವ ಮನೆಯಲ್ಲಿ ಸೊಪ್ಪು, ಹುರುಳಿಕಾಯಿ ಮೊದಲೆರಡು ದಿನದಲ್ಲಿ ಮುಗಿಯಬೇಕು. ಆರನೇ ದಿನದ ಅಡುಗೆಗೆ ಫ್ರೋಜನ್ ಪಾಲಕ್ ತೆಗೆದರೆ ಪೋಷಕಾಂಶದಲ್ಲಿ ನಷ್ಟವಿಲ್ಲ, ಲಾಭವೇ ಇರಬಹುದು. ಕ್ಯಾರೆಟ್ ವಿಚಾರದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದರ ಮುಖ್ಯ ಸಂಪತ್ತಾದ ಕ್ಯಾರೋಟಿನ್ ನೀರಲ್ಲಿ ಕರಗುವುದಿಲ್ಲ, ಡಬ್ಬಿಯಲ್ಲೂ ಚೆನ್ನಾಗಿಯೇ ಉಳಿಯುತ್ತದೆ.

ಫ್ರೋಜನ್ ಕೆಡುವುದು ಹೆಚ್ಚಾಗಿ ನಮ್ಮ ಕೈಯಲ್ಲೇ. ಬಟಾಣಿಯನ್ನು ಬಟ್ಟಲಲ್ಲಿ ಹಾಕಿ ಕರಗಲು ಬಿಟ್ಟರೆ ಕೆಳಗೆ ನಿಲ್ಲುವ ನೀರಿನಲ್ಲಿ ವಿಟಮಿನ್ ಇಳಿದಿರುತ್ತದೆ, ಅದನ್ನು ಚೆಲ್ಲಿದರೆ ಚೆಲ್ಲಿದ ಹಾಗೆಯೇ. ಹೆಪ್ಪುಗಟ್ಟಿದ್ದನ್ನೇ ಬಿಸಿ ಪಾತ್ರೆಗೆ ಹಾಕಿ, ತಳ ಮುಚ್ಚುವಷ್ಟು ನೀರು ಬಿಟ್ಟು, ಮುಚ್ಚಳ ಹಾಕಿ. ಅರ್ಧ ಬೆಂದೇ ಬಂದಿರುವುದರಿಂದ ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಸಾಕು. ನೀರು ಪಾತ್ರೆಯಲ್ಲೇ ಇಂಗಿದರೆ ಬಸಿದು ಹೋಗುವ ಪಾಲು ಉಳಿಯುತ್ತದೆ. ಮೇಲೆ ಹೇಳಿದ ಬೇಯಿಸಿದ ಅಂಕಿಗಳು ನೀರು ಬಸಿದ ಬಟಾಣಿಯವು ಅನ್ನುವುದು ನೆನಪಿರಲಿ. ಕೊಳ್ಳುವಾಗ ಪೊಟ್ಟಣ ಅಲುಗಾಡಿಸಿ. ಕಾಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ದೊಡ್ಡ ಗಡ್ಡೆಗಳಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಹೆಚ್ಚು, ಬೆಂದಾಗ ಮೆತ್ತಗಾಗುತ್ತದೆ.

ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡು ಮನೆಯಲ್ಲೇ ಹೆಪ್ಪುಗಟ್ಟಿಸುವವರು ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ಕುದಿನೀರು ಇಡಿ. ನೀರು ಕಡಿಮೆಯಾದರೆ ಕಾಳು ಬಿದ್ದೊಡನೆ ಕುದಿ ನಿಂತು, ಕಿಣ್ವ ಸಾಯುವ ಮುಂಚೆ ಕಾಳು ಬೇಯುತ್ತದೆ. ಒಂದೂವರೆ ನಿಮಿಷ ಸಾಕು. ತೆಗೆದು ಐಸ್ ನೀರಿಗೆ ಹಾಕಿ, ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರವಿ ಫ್ರೀಜರಿಗಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಒತ್ತಿ ತೆಗೆಯಿರಿ. ಫ್ರೀಜರ್ ಮೈನಸ್ 18 ಡಿಗ್ರಿ ಹಿಡಿದಿಡಬೇಕು. ಫ್ರಿಜ್ಜಿನೊಳಗಿನ ಪುಟ್ಟ ಐಸ್ ಪೆಟ್ಟಿಗೆ ಈ ಕೆಲಸಕ್ಕೆ ಬಾರದು.

ಡಬ್ಬಿ ಕೊಳ್ಳುವುದಾದರೆ ಉಪ್ಪು ಹಾಕದ್ದು ಹುಡುಕಿ. ಸಿಗದಿದ್ದರೆ ದ್ರವ ಬಸಿದು ಕಾಳು ತೊಳೆಯಿರಿ, ಸೋಡಿಯಂ ಗಣನೀಯವಾಗಿ ಇಳಿಯುತ್ತದೆ, ಜೊತೆಗೆ ಸ್ವಲ್ಪ ವಿಟಮಿನ್ನೂ ಹೋಗುತ್ತದೆ. ಉಪ್ಪಿಲ್ಲದ ಡಬ್ಬಿಯಾದರೆ ಆ ದ್ರವವನ್ನು ಸಾರಿಗೋ ಸೂಪಿಗೋ ಹಾಕಿ. ಪದಾರ್ಥಗಳ ಪಟ್ಟಿಯನ್ನೂ ಓದಿ. ಕೆಲವು ಡಬ್ಬಿಗಳಲ್ಲಿ ಇರುವುದು ಒಣ ಬಟಾಣಿಯನ್ನು ನೆನೆಸಿ ಬೇಯಿಸಿದ್ದು. ಅದರಲ್ಲಿ ಪ್ರೋಟೀನು, ನಾರು ಧಾರಾಳ, ವಿಟಮಿನ್ ಸಿ ಇಲ್ಲವೆಂದೇ ಹೇಳಬಹುದು. ಅಂಥದ್ದು ಬೇಕಿದ್ದರೆ ಒಣ ಬಟಾಣಿಯನ್ನೇ ತಂದು ರಾತ್ರಿ ನೆನೆಹಾಕಿದರಾಯಿತು, ಡಬ್ಬಿಗೂ ನೀರಿಗೂ ದುಡ್ಡು ಕೊಡುವುದು ಯಾಕೆ?