ಲಾಭ ಹೆಚ್ಚಿಸಿದ ಮ್ಯಾನೇಜರ್ ಒಳ್ಳೆಯ ಮ್ಯಾನೇಜರೇ?

ಮುಂಬಯಿಯ ನಮ್ಮ ಹೋಟೆಲ್ ಧಣಿಗಳಲ್ಲಿ ಹೆಚ್ಚಿನವರು ಮ್ಯಾನೇಜರ್‌ನನ್ನು ಅಳೆಯುವುದು ಒಂದೇ ಅಂಕಿಯಿಂದ. ಖರ್ಚು ಕಳೆದು ಎಷ್ಟು ಉಳಿಯಿತು? ಹೋಟೆಲ್‌ಗಳ ಲೆಕ್ಕ ಬರೆಯುವುದು ನನ್ನ ಕಸುಬು. ಹಾಗಾಗಿ ಲಾಭದ ಬಗ್ಗೆ ನನಗೆ ಅಸಡ್ಡೆ ಇಲ್ಲ. ಆದರೆ ಆ ಒಂದೇ ಅಂಕಿ ನೋಡಿ ಬೋನಸ್ ಹಂಚುವುದನ್ನು ಕಂಡಾಗಲೆಲ್ಲ ಜಗಳ ಆಡಬೇಕು ಅನ್ನಿಸುತ್ತದೆ. ಇವತ್ತು ಆ ಜಗಳ ಇಲ್ಲೇ ಆಡಿಬಿಡುತ್ತೇನೆ.

ನನಗೆ ಗೊತ್ತಿರುವ ಶೆಟ್ರೊಬ್ಬರಿಗೆ ಎರಡು ಹೋಟೆಲ್. ಒಂದು ಮುಲುಂಡ್‌ನಲ್ಲಿ, ಇನ್ನೊಂದು ಘಾಟ್ಕೋಪರ್‌ನಲ್ಲಿ. ಎರಡರ ವ್ಯಾಪಾರವೂ ಹೆಚ್ಚುಕಡಿಮೆ ಒಂದೇ. ಹಿಂದಿನ ವರ್ಷದ ಮೊದಲ ಆರು ತಿಂಗಳಲ್ಲಿ ಎರಡೂ ಕಡೆ 16 ಲಕ್ಷ ಲಾಭ. ಮುಂದಿನ ವರ್ಷ ಅದೇ ಅವಧಿಗೆ ಮುಲುಂಡ್‌ನಲ್ಲಿ 21 ಲಕ್ಷ ಆಯಿತು. ಘಾಟ್ಕೋಪರ್‌ನಲ್ಲಿ 15ಕ್ಕೆ ಇಳಿಯಿತು. (ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.) ಮುಲುಂಡ್ ಮ್ಯಾನೇಜರ್‌ಗೆ ದೊಡ್ಡ ಬೋನಸ್ ಸಿಕ್ಕಿತು. ಘಾಟ್ಕೋಪರ್‌ನವರಿಗೆ ಸಿಕ್ಕಿದ್ದು ಬೈಗುಳ.

ಈಗ ಪುಸ್ತಕ ಬಿಚ್ಚಿ ನೋಡೋಣ. ಮುಲುಂಡ್‌ನ ಹೆಚ್ಚುವರಿ 5 ಲಕ್ಷ ಎಲ್ಲಿಂದ ಬಂತು? ಇಬ್ಬರು ದೋಸೆ ಭಟ್ರಲ್ಲಿ ಒಬ್ಬರು ಕೆಲಸ ಬಿಟ್ಟರು, ಒಬ್ಬ ಸಪ್ಲೈಯರ್ ಊರಿಗೆ ಹೋದವನು ವಾಪಸ್ ಬರಲಿಲ್ಲ. ಇಬ್ಬರ ಜಾಗಕ್ಕೂ ಮ್ಯಾನೇಜರ್ ಯಾರನ್ನೂ ತರಲಿಲ್ಲ. ಆರು ತಿಂಗಳಲ್ಲಿ ಉಳಿದ ಸಂಬಳ 3 ಲಕ್ಷ. ಅಡುಗೆಮನೆಯ ಚಿಮಣಿ ಸ್ವಚ್ಛ ಮಾಡಿಸುವುದು, ಫ್ರಿಜ್ ಮತ್ತು ಗ್ರೈಂಡರ್ ಸರ್ವಿಸ್, ಎಲ್ಲವನ್ನೂ ಮುಂದೆ ಹಾಕಿದರು. ಅದರಲ್ಲಿ 80 ಸಾವಿರ. ಉಳಿದ 1 ಲಕ್ಷ 20 ಸಾವಿರ ಮಾತ್ರ ನಿಜವಾದ ಜಾಣತನ. ದಲ್ಲಾಳಿಯನ್ನು ಬಿಟ್ಟು ತರಕಾರಿಯನ್ನು ನೇರವಾಗಿ ವಾಶಿ ಮಾರ್ಕೆಟ್‌ನಿಂದ ತರಿಸಿದ್ದರು.

ಘಾಟ್ಕೋಪರ್‌ನ ಕತೆ ತಲೆಕೆಳಗು. ಹೋಟೆಲ್ ಮುಂದಿನ ರಸ್ತೆ ಅಗೆದು ಹಾಕಿದ್ದರಿಂದ ಗಿರಾಕಿ ಬರಲಿಲ್ಲ, ಎರಡೂವರೆ ಲಕ್ಷ ಲಾಭ ಹೋಯಿತು. ಅದು ಮ್ಯಾನೇಜರ್ ಕೈಯಲ್ಲಿರಲಿಲ್ಲ. ಇಬ್ಬರು ಹುಡುಗರನ್ನು ಭಟ್ರ ಪಕ್ಕ ನಿಲ್ಲಿಸಿ ಕಾವಲಿ ಕೆಲಸ ಕಲಿಸಿದರು. ಅದಕ್ಕೆ ಹೆಚ್ಚುವರಿ ಸಂಬಳ 90 ಸಾವಿರ. ಆದರೆ ಹಿಟ್ಟು, ಪಲ್ಯ ಉಳಿದು ಬಿಸಾಡುವುದನ್ನು ಕಡಿಮೆ ಮಾಡಿ, ಮಧ್ಯಾಹ್ನದ ಪಾರ್ಸೆಲ್ ವ್ಯಾಪಾರ ಬೆಳೆಸಿ 2 ಲಕ್ಷ 40 ಸಾವಿರ ಗಳಿಸಿಕೊಟ್ಟರು. ಕೂಡಿ ಕಳೆದರೆ 1 ಲಕ್ಷ ನಷ್ಟ. ಅವರ ಸ್ವಂತ ದುಡಿಮೆ ಮುಲುಂಡ್‌ನವರ ಎರಡರಷ್ಟು. ಕಾಗದದ ಮೇಲೆ ಮಾತ್ರ ಅವರು ಸೋತವರು.

ಇದು ಲೆಕ್ಕ ಬರೆಯುವವರ ತಪ್ಪಲ್ಲ. ಲೆಕ್ಕದ ನಿಯಮವೇ ಹಾಗಿದೆ. ಹುಡುಗನಿಗೆ ಕೆಲಸ ಕಲಿಸುವ ಖರ್ಚು ಆ ತಿಂಗಳ ಖರ್ಚಿಗೇ ಹೋಗುತ್ತದೆ. ಗ್ರೈಂಡರ್ ಕೊಂಡರೆ ಅದು ಆಸ್ತಿ, ಅದರ ಖರ್ಚನ್ನು ವರ್ಷ ವರ್ಷ ಹಂಚಬಹುದು. ಕಲಿತ ಕೈಯನ್ನು ಹಾಗೆ ಆಸ್ತಿ ಅಂತ ಬರೆಯುವಂತಿಲ್ಲ. ಹಾಗಾಗಿ ಕಲಿಸಿದವರ ಲಾಭ ಇವತ್ತು ಇಳಿಯುತ್ತದೆ, ಕಲಿಸದವರದ್ದು ಏರುತ್ತದೆ. ಬಿತ್ತನೆ ಭತ್ತವನ್ನೇ ಕುಟ್ಟಿ ಅನ್ನ ಮಾಡಿದರೆ ಆ ವರ್ಷ ಅಕ್ಕಿ ಕೊಳ್ಳುವ ಖರ್ಚು ಉಳಿದೇ ಉಳಿಯುತ್ತದೆ, ಅಲ್ವಾ?

ಈ ತೊಂದರೆಗೆ ಉತ್ತರ ಹುಡುಕಿದವರಲ್ಲಿ ಹೆಚ್ಚು ಹೆಸರಾದವರು ಅಮೆರಿಕದ ರಾಬರ್ಟ್ ಕಪ್ಲಾನ್ ಮತ್ತು ಡೇವಿಡ್ ನಾರ್ಟನ್. 1992ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಬಗ್ಗೆ ಬರೆದರು. ಹಣದ ಅಂಕಿಯನ್ನು ಬಿಡಬೇಡಿ, ಅದರ ಪಕ್ಕದಲ್ಲಿ ಇನ್ನೂ ಮೂರು ಕಡೆಯಿಂದ ನೋಡಿ ಅಂದರು. ಗಿರಾಕಿಗೆ ಹೇಗೆ ಕಾಣುತ್ತೇವೆ, ಒಳಗಿನ ಕೆಲಸ ಹೇಗೆ ನಡೆಯುತ್ತಿದೆ, ನಮ್ಮವರು ಕಲಿಯುತ್ತಿದ್ದಾರಾ. ಅದಕ್ಕೂ ಮೊದಲೇ, 1979ರಲ್ಲಿ, ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ ಎಂಬ ಅರ್ಥಶಾಸ್ತ್ರಜ್ಞರು ಇದರ ಬೇರನ್ನು ತೋರಿಸಿದ್ದರು. ಮ್ಯಾನೇಜರ್ ಏನು ಮಾಡಿದ ಅನ್ನುವುದು ಧಣಿಗೆ ನೇರವಾಗಿ ಕಾಣುವುದಿಲ್ಲ. ಹಾಗಾಗಿ ಅವನ ದುಡಿಮೆಯ ಬಗ್ಗೆ ಲಾಭ ಹೇಳದ ಹೊಸ ಸುದ್ದಿ ಕೊಡುವ ಯಾವುದೇ ಅಳತೆ ಸಿಕ್ಕಿದರೆ ಅದನ್ನೂ ಸಂಬಳ, ಬೋನಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲಾಭಕರ. ಅವರಿಗೆ 2016ರಲ್ಲಿ ನೊಬೆಲ್ ಬಂತು.

ಶೆಟ್ರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಮಾರಾಯ್ರೆ, ಗಿರಾಕಿಯ ಖುಷಿಯಿಂದ ಬಾಡಿಗೆ ಕಟ್ಟಲಿಕ್ಕೆ ಆಗ್ತದಾ?"

ಇವತ್ತು ಆಗುವುದಿಲ್ಲ. ಮುಂದಿನ ವರ್ಷದ ಬಾಡಿಗೆ ಅದರಿಂದಲೇ ಕಟ್ಟುವುದು. ಮುಲುಂಡ್‌ನಲ್ಲಿ ಆದದ್ದನ್ನೇ ನೋಡಿ. ಒಬ್ಬರೇ ಭಟ್ರು ಇದ್ದದ್ದರಿಂದ ಶನಿವಾರ ರಾತ್ರಿ ದೋಸೆ ಬರುವುದು ತಡವಾಯಿತು. ಮೊದಲು ಗೊಣಗಿದರು, ಆಮೇಲೆ ಗೊಣಗುವವರೂ ಬರಲಿಲ್ಲ. ಇದ್ದ ಭಟ್ರಿಗೂ ಸಾಕಾಯಿತು, ಗಣೇಶ ಹಬ್ಬದ ಹೊತ್ತಿಗೆ ಬಿಟ್ಟು ಹೋದರು. ಮುಂದಿನ ಆರು ತಿಂಗಳ ಲಾಭ 13 ಲಕ್ಷ. ಅಷ್ಟರಲ್ಲಿ ಆ ಮ್ಯಾನೇಜರ್, 21 ಲಕ್ಷದ ಅಂಕಿ ತೋರಿಸಿ, ಜಾಸ್ತಿ ಸಂಬಳಕ್ಕೆ ಬೇರೆ ಹೋಟೆಲ್ ಸೇರಿ ಆಗಿತ್ತು. ಲಾಭ ಸುಳ್ಳು ಹೇಳಲಿಲ್ಲ. ತಡವಾಗಿ ಹೇಳಿತು, ಅದೂ ಬೇರೊಬ್ಬ ಮ್ಯಾನೇಜರ್ ಹೆಸರಲ್ಲಿ.

ಆಮೇಲೆ ನಾವು ಮೂರೇ ಅಳತೆ ಆರಿಸಿದೆವು. ಒಂದು, ಶನಿವಾರ ರಾತ್ರಿ ಎಂಟೂವರೆಯಿಂದ ಹತ್ತೂವರೆವರೆಗೆ ಇಪ್ಪತ್ತು ಟೇಬಲ್ ನೋಡಿ, ಆರ್ಡರ್ ಕೊಟ್ಟ ಮೇಲೆ ಪ್ಲೇಟ್ ಬರಲು ಹಿಡಿದ ನಿಮಿಷ. ಎರಡು, ಕಾವಲಿ ಹಿಡಿಯಬಲ್ಲವರು ಎಷ್ಟು ಜನ, ಆರು ತಿಂಗಳಲ್ಲಿ ಬಿಟ್ಟು ಹೋದವರು ಎಷ್ಟು. ಮೂರನೆಯದು ಎರಡೂ ಕಡೆ ಬೇರೆ ಬೇರೆ. ಮುಲುಂಡ್‌ನಲ್ಲಿ ಆನ್‌ಲೈನ್ ಆರ್ಡರ್ ಜಾಸ್ತಿ, ಹಾಗಾಗಿ ದುಡ್ಡು ವಾಪಸ್ ಕೊಡಬೇಕಾದ ಆರ್ಡರ್‌ಗಳ ಲೆಕ್ಕ. ಘಾಟ್ಕೋಪರ್‌ನಲ್ಲಿ ಗುಜರಾತಿ, ಜೈನ ಕುಟುಂಬಗಳು ಜಾಸ್ತಿ. ಅಲ್ಲಿ ಜೈನ ಆರ್ಡರ್‌ನಲ್ಲಿ ಈರುಳ್ಳಿ ಸಾಂಬಾರ್ ಹೋದ ತಪ್ಪುಗಳ ಲೆಕ್ಕ. ಒಂದು ಸಲ ಹಾಗಾದರೆ ಆ ಮನೆಯವರು ಮತ್ತೆ ಬರುವುದಿಲ್ಲ, ಜೊತೆಗೆ ಕಟ್ಟಡದವರಿಗೆಲ್ಲ ಹೇಳುತ್ತಾರೆ.

(ಕಲಿಕೆಯ ಅಳತೆ ಅಂದರೆ ನಗುವ ಧಣಿಗಳಿಗೆ ಒಂದು ನೆನಪು. ಹಗಲು ಹೋಟೆಲ್‌ನಲ್ಲಿ ದುಡಿದು ರಾತ್ರಿ ಇದೇ ಊರಿನ ಕನ್ನಡ ರಾತ್ರಿ ಶಾಲೆಗೆ ಹೋದ ಹುಡುಗರು ಎಷ್ಟು ಮಂದಿ ಮುಂದೆ ತಾವೇ ಧಣಿಗಳಾದರು!)

ಕಷ್ಟ ಶುರುವಾದದ್ದು ಇಲ್ಲಿಂದ. ಕಾರ್ಡ್ ತಯಾರಾಯಿತು, ಆದರೆ ಬೋನಸ್ ಮಾತು ಬಂದಾಗ ಶೆಟ್ರ ಕಣ್ಣು ಹೋದದ್ದು ಎರಡೂ ಕಡೆ ಒಂದೇ ತರ ಇರುವ ಸಾಲುಗಳಿಗೆ. ಲಾಭಕ್ಕೆ ಲಾಭ, ನಿಮಿಷಕ್ಕೆ ನಿಮಿಷ. ಜೈನ ಆರ್ಡರ್ ಸಾಲನ್ನು ಹೋಲಿಸಲು ಆ ಕಡೆ ಏನೂ ಇಲ್ಲವಲ್ಲ, ಹಾಗಾಗಿ ಬಿಟ್ಟೇ ಬಿಟ್ಟರು. ಇದು ಶೆಟ್ರೊಬ್ಬರ ಗುಣ ಅಲ್ಲ. 2000ರಲ್ಲಿ ಲೈಪ್ ಮತ್ತು ಸಾಲ್ಟೇರಿಯೊ ಎಂಬ ಇಬ್ಬರು ಸಂಶೋಧಕರು ಎಂಬಿಎ ವಿದ್ಯಾರ್ಥಿಗಳಿಗೆ ಒಂದೇ ಕಂಪನಿಯ ಎರಡು ವಿಭಾಗಗಳ ಸ್ಕೋರ್‌ಕಾರ್ಡ್ ಕೊಟ್ಟು ಮ್ಯಾನೇಜರ್‌ಗಳಿಗೆ ಅಂಕ ಹಾಕಿಸಿದರು. ಎರಡಕ್ಕೂ ಸಾಮಾನ್ಯವಾದ ಅಳತೆಗಳು ಮಾತ್ರ ಲೆಕ್ಕಕ್ಕೆ ಬಂದವು. ಒಂದೊಂದು ವಿಭಾಗಕ್ಕೇ ಮೀಸಲಾದವು ಪಕ್ಕಕ್ಕೆ ಉಳಿದವು. ಆ ವಿಭಾಗದ ಸ್ವಂತ ದಾರಿಯನ್ನು ಹೇಳುವುದು ಅವೇ ಅಳತೆಗಳು, ಅವೇ ಕಾಣದೆ ಹೋದವು. ಇದಕ್ಕೊಂದು ಮದ್ದೂ ಇದೆ. 2004ರ ಇನ್ನೊಂದು ಅಧ್ಯಯನದಲ್ಲಿ, ಅಂಕ ಹಾಕಿದ ಕಾರಣವನ್ನು ತಮ್ಮ ಮೇಲಿನವರಿಗೆ ವಿವರಿಸಬೇಕು ಅಂದಾಗ ಜನ ಆ ಅಳತೆಗಳನ್ನೂ ನೋಡಿದರು. ಹಾಗಾಗಿ ಈಗ ಶೆಟ್ರು ಪ್ರತಿ ಸಾಲಿನ ಪಕ್ಕ ಕಾರಣ ಬರೆಯಬೇಕು, ಅದನ್ನು ಮಗಳ ಮುಂದೆ ಓದಬೇಕು. ಅವರಿಗೆ ಇದು ಇಷ್ಟ ಇಲ್ಲ. ಆದರೂ ಮಾಡುತ್ತಾರೆ. ಮ್ಯಾನೇಜರ್‌ಗಳನ್ನು ಒಬ್ಬರ ಎದುರು ಒಬ್ಬರನ್ನು ನಿಲ್ಲಿಸುವುದನ್ನೂ ಬಿಟ್ಟಿದ್ದಾರೆ. ಒಬ್ಬೊಬ್ಬರನ್ನೂ ಅವರವರ ಗುರಿಯ ಜೊತೆ ನೋಡುವುದು.

ಹಣದ್ದಲ್ಲದ ಅಳತೆ ಅಂದರೆ ಪವಿತ್ರ ಅಂತಲೂ ತಿಳಿಯಬೇಡಿ. ಮೊದಲು ನಿಮಿಷದ ಲೆಕ್ಕವನ್ನು ಕೆಓಟಿಯಿಂದ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಿಂದ, ತೆಗೆಯುತ್ತಿದ್ದೆವು. ಮುಲುಂಡ್‌ಗೆ ಬಂದ ಹೊಸ ಮ್ಯಾನೇಜರ್ ಕೈಯಲ್ಲಿ 12 ನಿಮಿಷ ಇದ್ದದ್ದು ಕೆಲವೇ ವಾರದಲ್ಲಿ 6 ಆಯಿತು. ಕಾವಲಿ ಒಂದೇ, ಭಟ್ರು ಒಬ್ಬರೇ, ದೋಸೆಗಳ ಸಂಖ್ಯೆಯೂ ಅಷ್ಟೇ. ಹಾಗಾದರೆ ಸಮಯ ಅರ್ಧ ಆದದ್ದು ಹೇಗೆ? ಸಪ್ಲೈಯರ್‌ಗಳು ಆರ್ಡರನ್ನು ಬಾಯಲ್ಲಿ ಹೇಳಿ, ದೋಸೆ ಆಗುವ ಹೊತ್ತಿಗೆ ಕೆಓಟಿ ಹೊಡೆಯುತ್ತಿದ್ದರು. ಅದಕ್ಕೇ ಈಗ ಟೇಬಲ್ ಪಕ್ಕ ಕೂತು ನೋಡುವುದು. ದೊಡ್ಡವರ ಕತೆ ಬೇಕಾದರೆ ವೆಲ್ಸ್ ಫಾರ್ಗೋ ಬ್ಯಾಂಕ್ ಇದೆ. ಒಬ್ಬ ಗ್ರಾಹಕನಿಗೆ ಎಷ್ಟು ಖಾತೆ, ಕಾರ್ಡ್ ಮಾರಿದಿರಿ ಅನ್ನುವುದೇ ಅಲ್ಲಿ ಅಳತೆ. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು.

ಇದನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಲಾಭಕ್ಕೆ ಶೇಕಡಾ 60, ಗಿರಾಕಿಗೆ 20 ಅಂತ ಮೊದಲ ದಿನವೇ ಸೂತ್ರ ಹಾಕಿ ಗೋಡೆಗೆ ಅಂಟಿಸಬೇಡಿ. ಸೂತ್ರ ಗೊತ್ತಾದ ಕ್ಷಣದಿಂದ ಜನ ದೋಸೆ ಬಿಟ್ಟು ಸೂತ್ರ ಹುಯ್ಯುತ್ತಾರೆ. ಮೊದಲ ಆರು ತಿಂಗಳು ಈ ಅಂಕಿಗಳಿಗೆ ದುಡ್ಡಿನ ಗಂಟು ಹಾಕಬೇಡಿ, ಸುಮ್ನೆ ಬರೆದಿಡಿ. ಭಟ್ರು ಬಿಟ್ಟು ಹೋಗದೆ ನಿಂತ ಹೋಟೆಲ್‌ನಲ್ಲಿ ನಿಜವಾಗಿ ಪ್ಲೇಟ್ ಬೇಗ ಬರುತ್ತಾ, ಪ್ಲೇಟ್ ಬೇಗ ಬಂದಲ್ಲಿ ಶನಿವಾರದ ವ್ಯಾಪಾರ ಏರುತ್ತಾ ನೋಡಿ. ಈ ಸರಪಳಿ ನಿಮ್ಮ ಹೋಟೆಲ್‌ನಲ್ಲಿ ಕೂಡದಿದ್ದರೆ ಆ ಅಳತೆಯನ್ನು ಬಿಸಾಡಿ, ಬೇರೆ ಹುಡುಕಿ. ಸ್ಟಾರ್ ರೇಟಿಂಗ್ 4.1 ಇದ್ದದ್ದು 4.2 ಆಯಿತು ಅಂತ ಯಾರನ್ನೂ ಹೊಗಳಬೇಡಿ. ಅಷ್ಟು ಏರಿಳಿತ ಯಾರೂ ಏನೂ ಮಾಡದೆಯೂ ಆಗುತ್ತದೆ.

ಸೂತ್ರ ಇಲ್ಲದಿದ್ದರೆ ಧಣಿಯ ಮರ್ಜಿ ಅಲ್ವಾ ಅಂತ ಘಾಟ್ಕೋಪರ್ ಮ್ಯಾನೇಜರ್ ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ನಾವು ಮಾಡಿದ ಒಪ್ಪಂದ ಇದು. ಬರೆದ ಕಾರಣದ ಒಂದು ಪ್ರತಿ ಮ್ಯಾನೇಜರ್ ಕೈಗೂ ಹೋಗಬೇಕು, ಅವರು ಅದರ ಕೆಳಗೆ ತಮ್ಮ ಉತ್ತರ ಬರೆಯಬಹುದು. ಕಳೆದ ಸಲ ಅವರು ಬರೆದದ್ದು ರಸ್ತೆ ಅಗೆದ ತಿಂಗಳುಗಳ ವ್ಯಾಪಾರದ ಅಂಕಿ ಮಾತ್ರ. ಶೆಟ್ರು ಓದಿ, ಆ ವರ್ಷ ಕೊಡದಿದ್ದ ಬೋನಸ್ಸನ್ನು ಈ ವರ್ಷದ್ದರ ಜೊತೆ ಸೇರಿಸಿ ಕೊಟ್ಟರು.