ಎರಡನೇ ‘ಎಣಿಸಿ’

ಮದುವೆ ಕಾರ್ಡು, ಗೃಹಪ್ರವೇಶದ ಬ್ಯಾನರು, ನಿವೃತ್ತರಾದವರಿಗೆ ಸನ್ಮಾನಪತ್ರ. ಇಷ್ಟು ಬರೆದುಕೊಟ್ಟ ಪುಣ್ಯಕ್ಕೆ ನಮ್ಮ ಓಣಿಯಲ್ಲಿ ನಾನೊಬ್ಬ ಸಾಹಿತಿ. ಹಾಗಾಗಿ ಗೆಳೆಯನ ಮಗ ಬಾಗಲಕೋಟೆಯ ನವನಗರದಲ್ಲಿ ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಶುರು ಮಾಡಿದಾಗ, ಗಾಡಿಯ ಮೇಲೆ ಬರೆಸೋಕೆ ಒಂದು ಸಾಲು ಬೇಕು ಅಂತ ಸೀದಾ ನಮ್ಮನೆಗೆ ಬಂದ.

“ಕಾಕಾ, ಓದಿದ ಕೂಡ್ಲೇ ಮಂದಿಗೆ ಸಮಾಧಾನ ಆಗಬೇಕು. ಮನಿ ಬಿಡೂ ಮುಂದ ಭಾಳ ಟೆನ್ಶನ್ ಇರ್ತದ ನೋಡ್ರಿ.”

ನಾಲ್ಕು ಪದ ತಾನೇ, ಚಹಾ ಮುಗಿಯೋದರೊಳಗೆ ಕೊಡ್ತೀನಿ ಅಂದುಕೊಂಡೆ. ಚಹಾ ಆಯ್ತು, ಚೂಡಾ ಆಯ್ತು, ಹುಡುಗ ಮೂರು ವಾರ ಓಡಾಡಿದ.

ಮೊದಲು ಬರೆದದ್ದು “ಚಿಂತೆ ಬಿಡಿ, ನಾವಿದ್ದೇವೆ.” ನನಗೇನೋ ಚೆಂದ ಕಂಡಿತು. ಹೆಂಡತಿಗೆ ಓದಿ ಹೇಳಿದೆ. ಆಕೆ ಭಾಂಡೆ ತಿಕ್ಕುತ್ತಲೇ “ಯಾಕ, ಚಿಂತಿ ಮಾಡೂವಂಥಾದ್ದು ಏನಾಗ್ತದ?” ಅಂದಳು. ಸಾಲು ಅಲ್ಲೇ ಸತ್ತಿತು. ಇಂಜೆಕ್ಷನ್ ಕೊಡೋ ಮೊದಲು ಡಾಕ್ಟರು ಕೂಸಿನ ತಲೆ ಸವರಿ “ಏನೂ ಆಗಂಗಿಲ್ಲ” ಅಂತಾರಲ್ಲ, ಅಲ್ಲಿವರೆಗೆ ಸುಮ್ಮನಿದ್ದ ಕೂಸು ಆ ಮಾತು ಕೇಳಿಯೇ ಅಳೋಕೆ ಶುರು ಮಾಡ್ತದೆ. ಹೆದರಬೇಡಿ ಅಂದರೆ ಮೊದಲು ಕಿವಿಗೆ ಬೀಳೋದು ಹೆದರಿಕೆಯೇ.

ಎರಡನೆಯದು ಸ್ವಲ್ಪ ಗಂಭೀರ: “ವಿಶ್ವಾಸಾರ್ಹ ಸ್ಥಳಾಂತರ.” ಬೇರೆ ಊರಲ್ಲಾದರೆ ನಡೀತಿತ್ತೇನೋ, ಬಾಗಲಕೋಟೆಯಲ್ಲಿ ಆ ಪದವನ್ನು ಗಾಡಿ ಮೇಲೆ ಬರೆಸೋಕಾಗಲ್ಲ. ನಮ್ಮದು ಮುಳುಗಡೆ ಊರು. ಆಲಮಟ್ಟಿಯ ಹಿನ್ನೀರು ಹಳೇ ಊರೊಳಗೆ ಬಂದದ್ದಕ್ಕೇ ನವನಗರ ಹುಟ್ಟಿದ್ದು. ಸೆಕ್ಟರ್ ಲೆಕ್ಕದ ಊರು ಅದು. ಅಲ್ಲಿ ಎಷ್ಟೋ ಮನೆಗಳ ತಲೆಬಾಗಿಲು ಹಳೇ ಮನೆಯಿಂದ ಕಿತ್ತು ತಂದದ್ದು. ನಮ್ಮವ್ವ ತೊಲೆ, ಚೌಕಟ್ಟು, ಒಳಕಲ್ಲು ಎಲ್ಲಾ ಟ್ರ್ಯಾಕ್ಟರಿಗೆ ಹಾಕಿಸಿ, ಖಾಲಿ ಗೂಡಿನ ಮುಂದೆ ಒಂದು ಗಳಿಗೆ ಸುಮ್ನೆ ನಿಂತಿದ್ದಳು. ಈಗ ನೀರು ನಿಲ್ಲಿಸೋ ಮಟ್ಟ 519.60 ಮೀಟರ್. 2010ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೆ ಅದು 524.256 ಆಗ್ತದೆ ಅನ್ನೋ ಮಾತು ನಡೆದೇ ಇದೆ. ‘ಸ್ಥಳಾಂತರ’, ‘ಪುನರ್ವಸತಿ’ ಇವೆಲ್ಲ ಇಲ್ಲಿ ನೋಟಿಸಿನಲ್ಲಿ ಬರೋ ಪದಗಳು. ಅಂಥ ಗಾಡಿ ಓಣಿಗೆ ಬಂದರೆ ಮುದುಕರು ಕಾಗದಪತ್ರ ಹುಡುಕ್ತಾರೆ.

ಮೂರನೆಯದು ಹುಡುಗನೇ ತಂದದ್ದು. ಎಲ್ಲೋ ನೋಡಿಕೊಂಡು ಬಂದಿದ್ದ: “ನಿಮ್ಮ ಮನೆ, ನಮ್ಮ ಹೊಣೆ.” ಪ್ರಾಸ ಇದೆ, ತೂಕ ಇದೆ, ನನಗೆ ಮಾತ್ರ ಮೈ ಉರೀತು. ಯಾಕಂದರೆ ಬೆಂಗಳೂರಿನಿಂದ ಊರಿಗೆ ವಾಪಸ್ ಬರೋವಾಗ ನಮ್ಮ ಸಾಮಾನು ತಂದ ಗಾಡಿ ಮೇಲೆ ಹೆಚ್ಚುಕಮ್ಮಿ ಇದೇ ಸಾಲಿತ್ತು. ಕೈಗೆ ಕೊಟ್ಟ ಬಿಲ್ಟಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಾಮಾನು ಮಾಲೀಕರ ಜವಾಬ್ದಾರಿ ಮೇಲೆ ಸಾಗಿಸಲಾಗುವುದು ಅಂತ ಇತ್ತು. ಗಾಡಿ ಮುಂದೆ ಅವರ ಹೊಣೆ, ಬಿಲ್ಟಿ ಹಿಂದೆ ನಮ್ಮ ಹೊಣೆ. ಎರಡರ ನಡುವೆ ಐದು ದಿನ ನಮ್ಮ ಸಾಮಾನಿನ ಸುಳಿವೇ ಇರಲಿಲ್ಲ. ಪೂರ್ತಿ ಗಾಡಿ ತುಂಬದ ಸಾಮಾನನ್ನ ಗೋಡೌನಿನಲ್ಲಿ ಇಳಿಸಿ, ಇನ್ನೊಬ್ಬರ ಸಾಮಾನಿನ ಜೊತೆ ದೊಡ್ಡ ಲಾರಿಗೆ ಏರಿಸೋದು ಈ ಧಂದೆಯಲ್ಲಿ ಮಾಮೂಲು. ಅದಕ್ಕೇ ರೇಟು ಕಡಿಮೆ. ಆ ಮಾತನ್ನ ಮೊದಲೇ ಹೇಳಿದ್ದರೆ ನಾವು ಇಷ್ಟು ಪರದಾಡ್ತಿರಲಿಲ್ಲ. ಕೊನೆಗೆ ಸಾಮಾನು ಬಂತು. ಬಿಚ್ಚಿದರೆ ಒಂದು ರಟ್ಟಿನ ಬಾಕ್ಸಿನಲ್ಲಿ ಯಾರದೋ ಮಕ್ಕಳು ಓಟದಲ್ಲಿ ಗೆದ್ದ ಕಪ್ಪುಗಳು. ನಮ್ಮ ಒಗ್ಗರಣೆ ಡಬ್ಬಿ, ಹೋಳಿಗೆ ಹಂಚು ಇದ್ದ ಬಾಕ್ಸು ಇಲ್ಲ. ಎಷ್ಟು ಬಾಕ್ಸು ಹೊರಟಿದ್ದವು ಅಂತ ಅವರು ಕೇಳಿದಾಗ ನಾನು ಹೆಂಡತಿ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಯಾರೂ ಎಣಿಸಿರಲಿಲ್ಲ. ಆ ಕಪ್ಪುಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ನಮ್ಮ ಮನೆಯಲ್ಲಿ ಓಡಿ ಗೆದ್ದವರು ಯಾರೂ ಇಲ್ಲ.

ಇದೆಲ್ಲ ಹೇಳಿ ಹುಡುಗನಿಗೆ ಒಂದು ಕೆಲಸ ಹಚ್ಚಿದೆ. “ತಮ್ಮಾ, ಫೋನ್ ಮಾಡಿದವರು ಎರಡನೇ ಪ್ರಶ್ನೆ ಏನು ಕೇಳ್ತಾರ ಅದನ್ನಷ್ಟ ಬರದು ಇಡು.” ಮೊದಲನೆಯದು ಬೇಡ, ಅದು ಎಲ್ಲರದೂ “ಎಷ್ಟಾಗ್ತದ?” ಅಷ್ಟೇ. ಖರೇ ಅಂಜಿಕೆ ಎರಡನೆಯದರಲ್ಲಿರ್ತದೆ. ಎರಡು ವಾರ ಬಿಟ್ಟು ನೋಟ್‌ಬುಕ್ ತಂದ. “ಇದ ಗಾಡ್ಯಾಗ ಹೋಗ್ತದೋ, ನಡುವ ಬ್ಯಾರೆ ಗಾಡಿಗೆ ಹಾಕ್ತೀರೋ?” “ಹುಡುಗ್ರು ನಿಮ್ಮವರೋ, ಅವತ್ತ ಹಿಡಕೊಂಡು ಬಂದ ಹಮಾಲರೋ?” “ಅಲ್ಲಿ ಹೋದಮ್ಯಾಲೆ ಮತ್ತ ರೊಕ್ಕ ಕೇಳಂಗಿಲ್ಲಲ್ಲ?” ಒಬ್ಬ ಅಜ್ಜಿಯಂತೂ “ನಾ ಗಾಡ್ಯಾಗ ಸಾಮಾನಿನ ಜೋಡಿ ಕುಂಡ್ರಬಹುದೇನು?” ಅಂತ ಕೇಳಿದ್ದಳಂತೆ.

ನೋಡಿ, ಒಡೆಯೋದರ ಬಗ್ಗೆ ಕೇಳಿದವರು ಕಡಿಮೆ. ಗಾಜು ಒಡೀತದೆ ಅಂತ ಮಂದಿಗೆ ಗೊತ್ತು, ಮನೆಯಲ್ಲೇ ಇದ್ದರೂ ಒಡೀತದೆ. ಅವರಿಗೆ ಅಂಜಿಕೆ ಇರೋದು ಇಲ್ಲಿ ಗಾಡಿಯ ಬಾಗಿಲು ಹಾಕಿದಲ್ಲಿಂದ ಅಲ್ಲಿ ತೆಗೆಯೋವರೆಗೆ. ಇಡೀ ಸಂಸಾರ ಕಣ್ಮರೆಯಾಗಿರ್ತದೆ, ಆ ಹೊತ್ತಿನಲ್ಲಿ ಕೈಯಲ್ಲಿ ಹಿಡಿದುಕೊಳ್ಳೋಕೆ ಏನೂ ಇರಲ್ಲ. ಅಜ್ಜಿ ಕೇಳಿದ್ದು ಸರಿಯಾಗೇ ಇತ್ತು.

ಸಾಲು ಹುಟ್ಟಿದ್ದು ಭಾಂಡೆ ಅಂಗಡಿಯಲ್ಲಿ. ಅಣ್ಣನ ಮೊಮ್ಮಗಳ ಕುಬಸಕ್ಕೆ ದೊಡ್ಡ ಪಾತೇಲಿ, ಸೌಟು, ತಾಟು ಬಾಡಿಗೆಗೆ ತರೋಕೆ ಹೋಗಿದ್ದೆ. ಅಂಗಡಿಯವನು ನನ್ನನ್ನ ಎದುರಿಗೇ ನಿಲ್ಲಿಸಿಕೊಂಡು ಒಂದೊಂದೇ ತಾಟು ಎಣಿಸಿ ಚೀಟಿ ಕೊಟ್ಟ. “ಎಣಿಸಿ ಕೊಟ್ಟೀನ್ರಿ, ಎಣಿಸಿ ತರ್ರಿ.” ಅವನ ಮುಖದಲ್ಲಿ ನಗೆ ಇರಲಿಲ್ಲ, ನಮ್ಮ ಸಂಬಂಧ ಅಮೂಲ್ಯ ಅಂತೇನೂ ಹೇಳಲಿಲ್ಲ. ಆದರೂ ಆ ಚೀಟಿ ಜೇಬಿಗೆ ಇಟ್ಟುಕೊಂಡಾಗ ನನಗೆ ಒಂಥರಾ ನಿರಾಳ. ಅಲ್ಲೇ ಕಟ್ಟೆ ಮೇಲೆ ಕೂತು ಬರೆದೆ:

ಎಣಿಸಿ ಒಯ್ತೀವಿ, ಎಣಿಸಿ ಕೊಡ್ತೀವಿ.

ಹುಡುಗನಿಗೆ ಹಿಡಿಸಲಿಲ್ಲ. “ಕಾಕಾ, ಇದರಾಗ ಪ್ರೀತಿ ಇಲ್ಲಲ್ರಿ. ಎಣಿಸೂದು ಏನು ದೊಡ್ಡ ಮಾತು?” ದೊಡ್ಡ ಮಾತು ಅಲ್ಲ, ಅದಕ್ಕೇ ನಂಬಿಕೆ ಬರ್ತದೆ ಅಂದೆ. ಅವನಿಗೆ ಒಳಗೊಳಗೆ ಬೇರೆ ಸಂಕಟ ಇತ್ತು. ಇದನ್ನ ಬರೆಸಿದರೆ ಎಣಿಸಲೇಬೇಕಲ್ಲ! ಚಿಂತೆ ಬಿಡಿ ಅಂತ ಬರೆಸಿದರೆ ಯಾರೂ ಬಂದು ತಾಳೆ ನೋಡಲ್ಲ, ಎಣಿಸ್ತೀವಿ ಅಂದರೆ ಬಾಗಿಲಲ್ಲೇ ನಿಂತು ಕೇಳ್ತಾರೆ, ಒಂದೊಂದು ಮನೆಗೆ ಒಂದು ತಾಸು ಜಾಸ್ತಿ ಹಿಡೀತದೆ. ಮೊದಲು ಒಂದು ಮನೆಗೆ ಮಾಡಿ ನೋಡು, ಆಮೇಲೆ ಪೇಂಟರನ್ನ ಕರೆಸು ಅಂದೆ.

ಆ ಒಂದು ಮನೆ ವಿದ್ಯಾಗಿರಿಯಲ್ಲಿದ್ದ ಮಾಸ್ತರರದು. ಗಂಡ ಹೆಂಡತಿ ಇಬ್ಬರೂ ಸಾಲಿ ಕಲಿಸಿ ರಿಟೈರ್ ಆದವರು. ಮಗಳಿರೋ ಬೆಳಗಾವಿಯ ಟಿಳಕವಾಡಿಗೆ ಹೊರಟಿದ್ದರು. ನಾನೂ ಬೆಳಿಗ್ಗೆ ಹೋಗಿ ಕಟ್ಟೆ ಮೇಲೆ ಕೂತೆ, ಸಾಹಿತಿ ಅಂದಮೇಲೆ ಇಷ್ಟು ಅಧಿಕಾರ ಬೇಡವಾ?

ಹುಡುಗರು ಪಟ್ಟಿ ಮಾಡೋ ರೀತಿ ನೋಡಿ ನನಗೇ ಒಂದೆರಡು ತಿಳೀತು. ಬಾಕ್ಸಿನ ನಂಬರನ್ನ ಮುಚ್ಚಳದ ಮೇಲೆ ಬರೆದರೆ ಏನೂ ಉಪಯೋಗ ಇಲ್ಲ. ಒಂದರ ಮೇಲೊಂದು ಇಟ್ಟಾಗ ಮುಚ್ಚಳ ಕಾಣಲ್ಲ, ಎರಡು ಮಗ್ಗುಲಿಗೆ ಬರೀಬೇಕು. ನಂಬರಿನ ಜೊತೆ ಯಾವ ಖೋಲಿ, ಒಳಗೆ ಏನು ಅನ್ನೋದು ಪಟ್ಟಿಯಲ್ಲಿ ಇರಬೇಕು. ಪುಸ್ತಕ ಸಣ್ಣ ಬಾಕ್ಸಿಗೆ, ಹಾಸಿಗೆ ಬಟ್ಟೆ ದೊಡ್ಡದಕ್ಕೆ. ಇಲ್ಲದಿದ್ದರೆ ಪುಸ್ತಕದ ಬಾಕ್ಸು ಎತ್ತುವಾಗಲೇ ತಳ ಕಿತ್ತು ಹೋಗ್ತದೆ. ಪಿಂಗಾಣಿ ತಾಟನ್ನ ಮಲಗಿಸದೆ ನಿಲ್ಲಿಸಿ ಇಟ್ಟರು. ಎಲ್ಲಕ್ಕಿಂತ ಮುಖ್ಯವಾದ ಖಾನೆ ಪಟ್ಟಿಯ ಕೊನೆಯಲ್ಲಿತ್ತು: ಮೊದಲೇ ಇದ್ದ ಗೀರು. ಫ್ರಿಜ್ಜಿನ ಎಡಗಡೆ ಒಂದು ತಗ್ಗು, ಕಪಾಟಿನ ಕಾಲು ಸ್ವಲ್ಪ ಸೀಳು. ಮಾಸ್ತರರಿಗೆ ಅದು ಹಿಡಿಸಲಿಲ್ಲ, ಅವರ ವಸ್ತುವಿಗೆ ಮಾರ್ಕ್ಸ್ ಕಡಿಮೆ ಕೊಟ್ಟ ಹಾಗೆ ಆಯ್ತು ಅಂತ ಕಾಣ್ತದೆ. ಆದರೆ ಇಳಿಸಿದ ಮೇಲೆ ಜಗಳ ಹುಟ್ಟೋದೇ ಅಲ್ಲಿ. ಇದು ಮೊದಲೇ ಇತ್ತು ಅಂತ ಅವರು, ಇರಲಿಲ್ಲ ಅಂತ ಇವರು. ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿದರು. ಒಟ್ಟು 47.

ಅಕ್ಕೋರು ಪಟ್ಟಿಯನ್ನ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಬೆಳಿಗ್ಗೆಯಿಂದ ಹತ್ತು ಸಲ ಗಾಡಿ ಸುತ್ತಿದವರು ಆಮೇಲೆ ಸುತ್ತಲಿಲ್ಲ. ಅದನ್ನ ನಾನು ಕಣ್ಣಾರೆ ಕಂಡೆ.

ಸಂಜೆ ಬೆಳಗಾವಿಯಿಂದ ಹುಡುಗನ ಫೋನು. ದನಿ ಸಣ್ಣದಾಗಿತ್ತು. “ಕಾಕಾ, 46 ಬಂದಾವ್ರಿ.”

ನನ್ನ ಎದೆ ಧಸಕ್ಕಂತು. ಮೊದಲನೇ ಮನೆಯಲ್ಲೇ ಹೀಗಾ? ಅಟ್ಟದ ಮೇಲಿನ ಕಪ್ಪುಗಳು ನೆನಪಾದವು. ಯಾವುದು ಇಲ್ಲ ಅಂದೆ. ಪಟ್ಟಿ ಇತ್ತಲ್ಲ, ಹುಡುಗ ಒಂದೇ ನಿಮಿಷಕ್ಕೆ ಹೇಳಿದ: “12ನೇದು. ಅಡಗಿಮನಿ. ಹಾಲಿನ ಪಾತೇಲಿ, ಲೈಟರ್, ದೇವರ ದೀಪ.” ಹಿಂದಿನಿಂದ ಅಕ್ಕೋರ ದನಿ ಕೇಳಿಸ್ತಿತ್ತು, ಒದರಾಟ ಏನೂ ಇರಲಿಲ್ಲ. “ಹನ್ನೆರಡಾ? ಅದು ಕಾರಿನ್ಯಾಗ ಅದನೋ ತಮ್ಮಾ. ಹೋದಕೂಡ್ಲೇ ಹಾಲು ಉಕ್ಕಿಸಬೇಕಲ್ಲ, ನಾನ ತೊಡಿ ಮ್ಯಾಲೆ ಇಟಗೊಂಡು ಬಂದೀನಿ.” ಗಾಡಿ ಬಿಡೋ ಮೊದಲು ಸದ್ದಿಲ್ಲದೆ ಇಳಿಸಿಕೊಂಡಿದ್ದರು, ಪಟ್ಟಿಯಲ್ಲಿ ಹೊಡೆದು ಹಾಕಿರಲಿಲ್ಲ. ಟೀಚರ್ ಆದವರೇ ಹೀಗೆ ಮಾಡಿದರೆ!

ಅಂದಿನಿಂದ ಆ ಬಾಕ್ಸನ್ನ ಅವನು ಎಲ್ಲಕ್ಕಿಂತ ಕೊನೆಗೆ ಏರಿಸ್ತಾನೆ. ಕೊನೆಗೆ ಏರಿದ್ದು ಮೊದಲು ಇಳೀತದೆ, ಹಾಲಿಗೆ ತಡ ಆಗಲ್ಲ, ಯಾರೂ ತೊಡೆ ಮೇಲೆ ಹೊರಬೇಕಾಗಿಲ್ಲ. ಇದನ್ನೂ ಸಾಲಿನಲ್ಲಿ ಸೇರಿಸೋಣ್ರಿ ಅಂದ. ಬೇಡಪ್ಪಾ, ಅದು ಫೋನಿನಲ್ಲಿ ಹೇಳೋ ಮಾತು. ಗಾಡಿ ಹಿಂದೆ ಬೈಕಿನಲ್ಲಿ ಬರೋವನು ಸಿಗ್ನಲ್ ಬಿಡೋದರೊಳಗೆ ಓದಿ ಮುಗಿಸಬೇಕು.

ಪೇಂಟರ್ ಬಂದ. ಅವನದು ಅಕ್ಷರಕ್ಕೆ ಇಷ್ಟು ಅಂತ ರೇಟು. ಬಾಗಿಲನ್ನ ಗೇಣಿನಲ್ಲಿ ಅಳೆದು, ಜಾಗ ಸಾಲಲ್ಲ ಅಂತ ತಲೆ ಕೆರೆದುಕೊಂಡ. “ಎಣಿಸಿ ಅಂತ ಎರಡು ಸಲ ಯಾಕ್ರಿ? ‘ಎಣಿಸಿ ಒಯ್ತೀವಿ’ ಅಂದ್ರ ತಿಳೀತದಲ್ಲ, ಎರಡನೇದು ತಗದ್ರ ನಿಮಗೂ ರೊಕ್ಕ ಉಳೀತದ.”

ನಾನು ಬಾಯಿ ತೆಗೆಯೋ ಮೊದಲೇ ಹುಡುಗ ಅಂದ, “ಅದನ್ನ ಮುಟ್ಟಬ್ಯಾಡ ಮಾರಾಯಾ. ಜಾಗಾ ಸಾಲದಿದ್ರ ನನ್ನ ಹೆಸರು ಸಣ್ಣದು ಮಾಡು.”