ಜ್ಯೇಷ್ಠದ ಪಕ್ಕದಲ್ಲಿ ವೃಷಭ ಬೇಕೆ?

ಪ್ರಶ್ನೆ: ನಮ್ಮ ಕಡೆಯ ಪಂಚಾಂಗ ಮತ್ತು ಗೋಡೆ ಕ್ಯಾಲೆಂಡರ್‌ಗಳಲ್ಲಿ ಪ್ರತಿದಿನ ಚಾಂದ್ರಮಾಸದ ಜೊತೆ ಸೌರಮಾಸವನ್ನೂ ಬರೆಯಬೇಕೆ?

ಪರ: ಬರೆಯಲೇಬೇಕು
(ಗದಗಿನಲ್ಲಿ ಕ್ಯಾಲೆಂಡರ್‌ಗಳ ಪ್ರೂಫ್ ತಿದ್ದುವವರು)

ಪರಾಭವ ಸಂವತ್ಸರದ ಪಂಚಾಂಗ ತೆಗೆದು 2026ರ ಮೇ 31 ಮತ್ತು ಜೂನ್ 29, ಈ ಎರಡು ದಿನ ನೋಡಿ. ಎರಡೂ ಜ್ಯೇಷ್ಠ ಹುಣ್ಣಿಮೆಯೇ. ಮೊದಲನೆಯದು ಅಧಿಕ ಜ್ಯೇಷ್ಠ, ಎರಡನೆಯದು ನಿಜ ಜ್ಯೇಷ್ಠ. ಕಾರ ಹುಣ್ಣಿಮೆ ಮಾಡುವುದು ನಿಜದಲ್ಲಿ, ಅಂದರೆ ಜೂನ್ 29ಕ್ಕೆ. ಎರಡರ ನಡುವೆ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ಈ ಅಂತರವನ್ನು ಕಾಯುತ್ತಿರುವುದು ‘ಅಧಿಕ’ ಅನ್ನುವ ಮೂರಕ್ಷರ, ಅಷ್ಟೇ.

ಆ ಮೂರಕ್ಷರ ಎಷ್ಟು ಸಲೀಸಾಗಿ ಬಿದ್ದುಹೋಗುತ್ತದೆ ಅನ್ನುವುದು ಪ್ರೂಫ್ ನೋಡುವವರಿಗೆ ಗೊತ್ತು. ಕ್ಯಾಲೆಂಡರ್‌ನ ಒಂದು ದಿನದ ಚೌಕದಲ್ಲಿ ಜಾಗ ಅಂಗೈಯಷ್ಟೂ ಇರುವುದಿಲ್ಲ. ‘ಅಧಿಕ ಜ್ಯೇಷ್ಠ ಶುದ್ಧ 15’ ಅನ್ನುವುದು ಮೊದಲು ‘ಅ.ಜ್ಯೇ.ಶು. 15’ ಆಗುತ್ತದೆ. ಅದನ್ನು ನೋಡಿ ಜಾತ್ರೆಯ ಹ್ಯಾಂಡ್‌ಬಿಲ್ ಮಾಡುವವರು ‘ಅ.’ ಏನೋ ಹೆಚ್ಚಿಗೆ ಬಿದ್ದಿದೆ ಅಂದುಕೊಂಡು ತೆಗೆದುಹಾಕುತ್ತಾರೆ.

2018ರಲ್ಲೂ ಅಧಿಕ ಜ್ಯೇಷ್ಠವೇ ಬಂದಿತ್ತು. ಆ ವರ್ಷ ನಮ್ಮ ಮಾವನವರ ಊರಿಗೆ, ಮುಂಡರಗಿ ತಾಲೂಕಿನ ಹಳ್ಳಿ ಅದು, ಯಾರೋ ಹಂಚಿದ ಒಂದು ಕಿಸೆ ಕ್ಯಾಲೆಂಡರ್ ಹೋಗಿತ್ತು. ಅದರಲ್ಲಿ ಮೇ 29ರ ಮುಂದೆ ‘ಜ್ಯೇಷ್ಠ ಹುಣ್ಣಿಮೆ, ಕಾರ ಹುಣ್ಣಿಮೆ’ ಅಂತ ಅಚ್ಚಾಗಿತ್ತು. ಮಾವನವರು ನಂಬಿದರು. ಎತ್ತುಗಳ ಮೈ ತೊಳೆಸಿದರು, ಕೋಡಿಗೆ ಕೆಂಪು-ಹಸಿರು ಬಣ್ಣ ಹಚ್ಚಿಸಿದರು, ಹೊಸ ಗೊಂಡೆ ಕಟ್ಟಿಸಿದರು. ಸಂಜೆ ಕರಿ ಹರಿಯೋದಕ್ಕೆ ಅಗಸಿ ಬಾಗಿಲಿಗೆ ಹೊಡೆದುಕೊಂಡು ಹೋದರೆ ಅಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿ ಕಟ್ಟೆ ಮೇಲೆ ಕೂತ ಒಬ್ಬರು, ‘ಗೌಡ್ರ, ಇದು ಅಧಿಕ ಅಲ್ರೀ? ಕಾರ ಹುಣ್ಣಿಮಿಗೆ ಇನ್ನಾ ತಿಂಗಳೈತಿ’ ಅಂದರಂತೆ. ಮಾವನವರು ಎತ್ತು ತಿರುಗಿಸಿಕೊಂಡು ಬಂದರು. ಜೂನ್ ಕೊನೆಗೆ ಎರಡನೇ ಸಲ ಬಣ್ಣ ಹಚ್ಚುವಾಗ ಆ ಕ್ಯಾಲೆಂಡರ್ ಮಾಡಿದವರ ವಂಶವನ್ನೆಲ್ಲ ನೆನೆಸಿಕೊಂಡರು.

ಅದೇ ಚೌಕದಲ್ಲಿ ‘ಸೌರ ವೃಷಭ’ ಅಂತ ಇದ್ದಿದ್ದರೆ ಅಚ್ಚಾಗುವ ಮೊದಲೇ ಈ ತಪ್ಪು ಸಿಕ್ಕಿಬೀಳುತ್ತಿತ್ತು. ಯಾಕೆ ಅಂದರೆ, ಚಾಂದ್ರಮಾಸಕ್ಕೆ ಹೆಸರು ಕೊಡುವುದೇ ಸೂರ್ಯ. ಒಂದು ಅಮಾವಾಸ್ಯೆಯ ಕೊನೆಯಿಂದ ಇನ್ನೊಂದು ಅಮಾವಾಸ್ಯೆಯ ಕೊನೆಯವರೆಗೆ ಒಂದು ಮಾಸ. ಆ ಅವಧಿಯೊಳಗೆ ಸೂರ್ಯ ಮೇಷಕ್ಕೆ ಹೋದರೆ ಅದು ಚೈತ್ರ, ವೃಷಭಕ್ಕೆ ಹೋದರೆ ವೈಶಾಖ, ಮಿಥುನಕ್ಕೆ ಹೋದರೆ ಜ್ಯೇಷ್ಠ. ಯಾವ ರಾಶಿಗೂ ಹೋಗದೆ ಇದ್ದಲ್ಲೇ ಇದ್ದರೆ ಆ ಮಾಸ ಅಧಿಕ. ಅದಕ್ಕೆ ಮುಂದಿನ ಮಾಸದ ಹೆಸರನ್ನೇ ಕೊಡುತ್ತಾರೆ.

2026ರ ಲೆಕ್ಕ ಹಾಕಿ ನೋಡೋಣ, ದೃಕ್ ಗಣಿತದ ಪ್ರಕಾರ. ವೃಷಭ ಸಂಕ್ರಮಣ ಮೇ 15ರ ಬೆಳಿಗ್ಗೆ. ವೈಶಾಖದ ಅಮಾವಾಸ್ಯೆ ಮುಗಿಯುವುದು ಮೇ 16ರ ರಾತ್ರಿ ಕಳೆದು ಒಂದೂವರೆ ಸುಮಾರಿಗೆ. ಮುಂದಿನ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಿಗ್ಗೆ 8:24ಕ್ಕೆ. ಮಿಥುನ ಸಂಕ್ರಮಣ ಅದೇ ದಿನ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ. ಅಂದರೆ ಸೂರ್ಯ ನಾಲ್ಕೈದು ತಾಸು ತಡ ಮಾಡಿದ. ಅಷ್ಟಕ್ಕೇ ಆ ಮಾಸ ಸಂಕ್ರಮಣವಿಲ್ಲದೆ ಉಳಿದು ಅಧಿಕವಾಯಿತು. ಸೌರಮಾಸ ಬರೆದರೆ ಮೇ 31ರ ಹುಣ್ಣಿಮೆ ‘ಸೌರ ವೃಷಭ 17’ ಆಗುತ್ತದೆ, ಜೂನ್ 29ರದು ‘ಸೌರ ಮಿಥುನ 15’ ಆಗುತ್ತದೆ. ‘ಅಧಿಕ’ ಬಿದ್ದುಹೋದರೂ ಇವೆರಡನ್ನು ಒಂದೇ ಅಂತ ಯಾರೂ ತಿಳಿಯಲಾರರು.

ಇನ್ನೊಂದು ಸಂಗತಿ ಇದೆ, ಇದು ನಮ್ಮಂಥ ಪ್ರೂಫಿನವರಿಗೇ ಗೊತ್ತಿರುವ ಗುಂಡಿ. ಪಂಚಾಂಗದಲ್ಲಿ ಸೂರ್ಯೋದಯಕ್ಕೆ ಇರುವ ತಿಥಿಯನ್ನು ಇಡೀ ದಿನಕ್ಕೆ ಬರೆಯುತ್ತೇವೆ. ಹಾಗಾಗಿ ಜೂನ್ 15ರ ಸಾಲಿನಲ್ಲಿ ‘ಅಧಿಕ ಜ್ಯೇಷ್ಠ ಅಮಾವಾಸ್ಯೆ’ ಅಂತಲೂ ಇರುತ್ತದೆ, ‘ಮಿಥುನ ಸಂಕ್ರಮಣ’ ಅಂತಲೂ ಇರುತ್ತದೆ. ಅಧಿಕ ಮಾಸದಲ್ಲಿ ಸಂಕ್ರಮಣ ಇರಕೂಡದು ಅಂತ ಅರ್ಧ ಕಲಿತವರು ಇದನ್ನು ತಪ್ಪು ಅಂತ ಗೆರೆ ಎಳೆಯುತ್ತಾರೆ. ತಪ್ಪಲ್ಲ. ಎರಡರ ಗಳಿಗೆಯನ್ನೂ ಪಕ್ಕದಲ್ಲಿ ಹಾಕಿದರೆ ಯಾವುದು ಮೊದಲು ಆಯಿತು ಅನ್ನುವುದು ಕಾಣುತ್ತದೆ, ವಾದ ಅಲ್ಲಿಗೆ ಮುಗಿಯುತ್ತದೆ. ದಿನದ ಸಾಲಿಗೆ ಸೌರಮಾಸ, ಸಂಕ್ರಮಣದ ದಿನ ಗಳಿಗೆ. ನಾನು ಕೇಳುತ್ತಿರುವುದು ಇಷ್ಟೇ.

ಉತ್ತರದ ಕಡೆಯಿಂದ ಎತ್ತಿಕೊಂಡು ಬರೆಯುವವರಿಗೂ ಇದು ಬೇಕು. ಅಲ್ಲಿ ಮಾಸ ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಶುದ್ಧ ಪಕ್ಷದಲ್ಲಿ ಎರಡೂ ಕಡೆ ಹೆಸರು ಒಂದೇ, ಬಹುಳದಲ್ಲಿ ಬೇರೆ. ಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ. ಹಿಂದಿ ಕ್ಯಾಲೆಂಡರ್ ನೋಡಿ ಬರೆದವರು ಹಾಗೆಯೇ ಇಳಿಸಿಬಿಡುತ್ತಾರೆ. 2026ರ ಶಿವರಾತ್ರಿ ಫೆಬ್ರುವರಿ 15ಕ್ಕೆ. ಆ ದಿನ ಸೂರ್ಯ ಇಬ್ಬರಿಗೂ ಕುಂಭದಲ್ಲೇ ಇದ್ದ, ಅಲ್ವಾ?

‘ನಮ್ಮ ಕಡೆ ಸೌರಮಾಸ ಯಾರು ಕೇಳ್ತಾರೆ, ಅದು ಉಡುಪಿ-ಮಂಗಳೂರಿನವರದು’ ಅನ್ನುವವರಿದ್ದಾರೆ. ಹಾಗನ್ನುವವರೇ ಧನುರ್ಮಾಸದಲ್ಲಿ ಚಳಿಗೆ ನಡುಗುತ್ತ ಗುಡಿಗೆ ಹೋಗಿ ಬಿಸಿ ಹುಗ್ಗಿ ತಿಂದು ಬರುತ್ತಾರೆ. ಧನು ಚಂದ್ರನ ಮಾಸವೇನು? ಸಂಕ್ರಾಂತಿಗೆ ಎಳ್ಳು ಹಂಚುವಾಗ ಬೇಕಾದ ಸೂರ್ಯ ಉಳಿದ ತಿಂಗಳುಗಳಲ್ಲಿ ಬೇಡವಾದನೋ?

ವಿರೋಧ: ಬೇಡ, ಇದ್ದದ್ದೇ ಸಾಕು
(ಹಾವೇರಿಯ ಶಿಕ್ಷಕಿ, ಹಬ್ಬದ ಅಂಕಣ ಬರೆಯುವವರು)

ಬೇಡ ಅನ್ನುವ ಪಾಲು ನನಗೆ ಬಂದಿದೆ. ಸೌರಮಾಸದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಮೊದಲನೆಯದು, ಓದುವವರ ತಲೆಬಿಸಿ. ಮೇ 31ರ ಸಾಲನ್ನು ಪರ ಬರೆದವರು ಹೇಳಿದ ಹಾಗೆ ಪೂರ್ತಿ ಬರೆದು ನೋಡಿ: ‘ಅಧಿಕ ಜ್ಯೇಷ್ಠ ಶುದ್ಧ ಹುಣ್ಣಿಮೆ, ಸೌರ ವೃಷಭ 17, ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ.’ ಇದರಲ್ಲಿ ವೃಷಭ ಸೂರ್ಯನದು, ವೃಶ್ಚಿಕ ಚಂದ್ರನದು. ಬರೆದವರಿಗೆ ಗೊತ್ತು. ನಮ್ಮ ಪಕ್ಕದ ಮನೆಯ ವೈನಿಗೆ? ಅವರ ಮಗನದು ವೃಷಭ ರಾಶಿ. ಇಂಥದ್ದೊಂದು ಕ್ಯಾಲೆಂಡರ್ ಸಿಕ್ಕರೆ, ‘ತಿಂಗಳಪೂರ್ತಿ ನಮ್ಮ ಹುಡುಗನ ರಾಶಿ ಹಾಕ್ಯಾರ್ರೀ, ಏನರ ಶಾಂತಿ ಮಾಡಿಸಬೇಕೇನು?’ ಅಂತ ನನ್ನ ಮನೆಗೇ ಬರುತ್ತಾರೆ. ಬರದೇ ಇರುವವರಲ್ಲ ಅವರು.

ಎರಡನೆಯದು, ಸೌರ ದಿನದ ಎಣಿಕೆ ಅಷ್ಟೇನೂ ಗಟ್ಟಿಯಲ್ಲ. ಸಂಕ್ರಮಣ ಆದ ದಿನವೇ ಒಂದನೇ ತಾರೀಖೋ, ಮರುದಿನವೋ? ತಮಿಳರಿಗೆ ಸೂರ್ಯಾಸ್ತದೊಳಗೆ ಆದರೆ ಅದೇ ದಿನ. ಕೇರಳದಲ್ಲಿ ಮಧ್ಯಾಹ್ನ ಸ್ವಲ್ಪ ಇಳಿದ ಮೇಲೆ ಆದರೆ ಮರುದಿನ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ನಿಯಮ ಹಿಡಿಯೋಣ? ಇಲ್ಲಿ ಸೌರ ದಿನ ಎಣಿಸುವ ರೂಢಿಯೇ ಇಲ್ಲ. ರೂಢಿ ಇಲ್ಲದ ಕಡೆ ಅಂಕಿ ಹಾಕಿದರೆ ಒಬ್ಬೊಬ್ಬರ ಕ್ಯಾಲೆಂಡರ್‌ನಲ್ಲಿ ಒಂದೊಂದು ಅಂಕಿ ಬರುತ್ತದೆ, ಅಷ್ಟೇ.

‘ಅಧಿಕ’ ಬಿದ್ದುಹೋಗುತ್ತದಂತೆ. ಅದಕ್ಕೆ ಓದುಗರೆಲ್ಲ ಕಟ್ಟೆ ಮೇಲೆ ಕೂತು ಅಮಾವಾಸ್ಯೆ ಎಷ್ಟು ಗಂಟೆಗೆ, ಸಂಕ್ರಮಣ ಎಷ್ಟು ಗಂಟೆಗೆ ಅಂತ ತಾಳೆ ಹಾಕಬೇಕಂತೆ! ಪ್ರೂಫ್ ಸರಿಯಾಗಿ ನೋಡಿದರೆ ಆಯಿತಪ್ಪ.

ಜನರ ಗೊಂದಲ ಇರುವುದು ಮಾಸದಲ್ಲಲ್ಲ, ತಿಥಿಯಲ್ಲಿ. 2026ರ ಯುಗಾದಿಯನ್ನೇ ತೆಗೆದುಕೊಳ್ಳಿ. ಮಾರ್ಚ್ 19ರಂದು ಹುಬ್ಬಳ್ಳಿಯಲ್ಲಿ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ. ಆಗ ಇನ್ನೂ ಅಮಾವಾಸ್ಯೆ. ಪಾಡ್ಯ ಶುರುವಾಗುವುದು 6:53ಕ್ಕೆ. ಮರುದಿನ ನಸುಕಿನಲ್ಲಿ, ಐದು ಗಂಟೆಯೊಳಗೆ, ಅದು ಮುಗಿದೂ ಹೋಗುತ್ತದೆ. ಯಾವ ಸೂರ್ಯೋದಯಕ್ಕೂ ಸಿಗದ ಪಾಡ್ಯ, ಕ್ಷಯ ತಿಥಿ. ಇಂಥಾದ್ದರಲ್ಲಿ ಪಾಡ್ಯ ಶುರುವಾದ ದಿನವೇ, ಅಂದರೆ 19ಕ್ಕೇ ಯುಗಾದಿ. ಆದರೆ ಕ್ಯಾಲೆಂಡರ್‌ನ ಚೌಕದಲ್ಲಿ ‘ಅಮಾವಾಸ್ಯೆ’ ಅಂತ ಕಂಡವರು ಏನು ತಿಳಿಯಬೇಕು? ಅಲ್ಲಿ ‘ಸೌರ ಮೀನ 5’ ಅಂತ ಸೇರಿಸಿದರೆ ಯಾರಿಗೆ ಏನು ತಿಳಿಯಿತು? ಅದೇ ಜಾಗದಲ್ಲಿ ‘ಅಮಾವಾಸ್ಯೆ ಬೆ. 6:53ರವರೆಗೆ, ನಂತರ ಪಾಡ್ಯ’ ಅಂತ ಹಾಕಿ. ಬೇವು-ಬೆಲ್ಲ ಯಾವಾಗ ತಿನ್ನಬೇಕು ಅನ್ನುವುದು ಗೊತ್ತಾಗುತ್ತದೆ.

ಇನ್ನು ಹೆಸರಿನ ಮಾತು. ಹಾನಗಲ್ ಕಡೆಯ ನಮ್ಮ ಅಜ್ಜಿಗೆ ಜ್ಯೇಷ್ಠವೂ ಬೇಕಿರಲಿಲ್ಲ, ವೃಷಭವೂ ಬೇಕಿರಲಿಲ್ಲ. ಅವಳ ವರ್ಷವೆಲ್ಲ ಹುಣ್ಣಿಮೆಗಳಲ್ಲೇ ನಡೆಯುತ್ತಿತ್ತು. ಯುಗಾದಿ ಆದ ಮೇಲೆ ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬು ಹುಣ್ಣಿಮೆ. ಶ್ರಾವಣದಲ್ಲಿ ನೂಲ ಹುಣ್ಣಿಮೆ, ಆಮೇಲೆ ಅನಂತನ ಹುಣ್ಣಿಮೆ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಶೀಗಿ ಹುಣ್ಣಿಮೆಗೆ. ನಂತರ ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಕೊನೆಗೆ ಹೋಳಿ. ‘ನಿನ್ನ ತಮ್ಮ ಹುಟ್ಟಿದ್ದು ಶೀಗಿ ಹುಣ್ಣಿವಿ ಮುಂದ ಮೂರ್ ದಿನ ಐತಿ ಅಂದಾಗ’ ಅನ್ನುತ್ತಿದ್ದಳು. ಹಳೆಯ ಪಂಚಾಂಗ ತೆಗೆದು ನೋಡಿದರೆ ಆಶ್ವಯುಜ ಶುದ್ಧ ದ್ವಾದಶಿ, ಸರಿಯಾಗಿ ಹೊಂದುತ್ತಿತ್ತು. ಕಡ್ಲಿಗಡಬು ಮಾಡುವ ದಿನ ಅಡುಗೆಮನೆಯಲ್ಲಿ ನಮ್ಮನ್ನು ಸುತ್ತ ಕೂಡಿಸಿಕೊಂಡು ಈ ಸಾಲು ಹೇಳಿಸುತ್ತಿದ್ದಳು. ಒಂದು ಬಿಟ್ಟರೂ ಗಡಬು ತಾಟಿಗೆ ಬೀಳುತ್ತಿರಲಿಲ್ಲ. ಈಗಿನ ಎಷ್ಟೋ ಕ್ಯಾಲೆಂಡರ್‌ಗಳಲ್ಲಿ ಆಗಿ ಹುಣ್ಣಿಮೆಯೂ ಇಲ್ಲ, ಬನದ ಹುಣ್ಣಿಮೆಯೂ ಇಲ್ಲ. ಚೌಕದಲ್ಲಿ ಜಾಗ ಇದ್ದರೆ ಮೊದಲು ಇವನ್ನು ಹಾಕಿರಿ.

ಸೂರ್ಯ ಬೇಕೇ ಬೇಕು ಅಂದರೆ ನಮ್ಮ ರೈತರ ಸೂರ್ಯ ಪಂಚಾಂಗದಲ್ಲಿ ಆಗಲೇ ಇದ್ದಾನೆ, ಮಳೆ ನಕ್ಷತ್ರದ ರೂಪದಲ್ಲಿ. 2026ರಲ್ಲಿ ಮಿರ್ಗ ಜೂನ್ 8ಕ್ಕೆ ಕೂಡುತ್ತದೆ, ಹಿಂದಿನ ವರ್ಷವೂ ಅದೇ ಹೊತ್ತಿಗೆ ಕೂಡಿತ್ತು. ಅಧಿಕ ಮಾಸ ಬಂದು ಕಾರ ಹುಣ್ಣಿಮೆ ಮುಂದೆ ಹೋದರೂ ಮಿರ್ಗ ಜಾಗ ಬಿಟ್ಟು ಕದಲುವುದಿಲ್ಲ. ಬಿತ್ತುವವರು ನೋಡುವುದು ಅದನ್ನು. ವೃಷಭ 25 ಅಂತ ನೋಡಿ ಕೂರಿಗೆ ಹೂಡಿದವರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಅಷ್ಟಾಗಿಯೂ ಹಾಕಬೇಕು ಅಂತ ಹಟ ಇದ್ದರೆ, ಸಂಕ್ರಮಣದ ದಿನ ಮಾತ್ರ ‘ಸೂರ್ಯ ಮಿಥುನಕ್ಕೆ, ಮ. 1ರ ಸುಮಾರಿಗೆ’ ಅಂತ ಒಂದು ಸಾಲು ಹಾಕಿರಿ. ವರ್ಷಕ್ಕೆ ಹನ್ನೆರಡು ಸಾಲು ಆಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.